ಆಧಾರ್ ಜೆರಾಕ್ಸ್ ಕೊಡುವ ಮೊದಲು ನಂಬರ್ ಮುಚ್ಚಿ, ಕಾರಣ ಬರೆಯಿರಿ

ಹೋದ ತಿಂಗಳು ಸಂಜೆ ಮಂಡಕ್ಕಿ ಕಟ್ಟಿಸಿಕೊಂಡು ಬಂದೆ. ಪೊಟ್ಟಣ ಬಿಡಿಸಿದರೆ ಒಬ್ಬ ಹೆಣ್ಣುಮಗಳ ಆಧಾರ್ ಜೆರಾಕ್ಸ್. ಮೆಣಸಿನಕಾಯಿಯ ಎಣ್ಣೆ ಫೋಟೊ ಮೇಲೆಲ್ಲಾ ಹರಡಿತ್ತು, ಆದರೆ 12 ಅಂಕಿಯಲ್ಲಿ ಒಂದೂ ಅಳಿಸಿರಲಿಲ್ಲ. ಕೆಳಗೆ ಅವರೇ ಪೆನ್ನಲ್ಲಿ ಮೊಬೈಲ್ ನಂಬರ್ ಬರೆದಿದ್ದರು. ಯಾರಿಗೋ ಯಾವುದೋ ಕೆಲಸಕ್ಕೆ ಕೊಟ್ಟ ಕಾಗದ, ಕೆಲಸ ಮುಗಿದ ಮೇಲೆ ರದ್ದಿಗೆ ಹೋಗಿತ್ತು.

ದಾವಣಗೆರೆಯಲ್ಲಿ ಕಾಲೇಜಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ನನಗೆ ಇಂಥ ಕಾಗದ ಹುಟ್ಟುವುದು ಹೇಗೆ ಅಂತ ಚೆನ್ನಾಗಿ ಗೊತ್ತು. "ಅಣ್ಣಾ, ಆಧಾರ್ ಐದು ಜೆರಾಕ್ಸ್ ಕೊಡಿ, ಎಲ್ಲಾದ್ರೂ ಬೇಕಾಗ್ತವೆ" ಅನ್ನುತ್ತಾರೆ. ಆ 'ಎಲ್ಲಾದ್ರೂ' ಅನ್ನುವುದರಲ್ಲೇ ತೊಂದರೆ ಇದೆ.

ಬರೀ ಜೆರಾಕ್ಸ್ ಎರಡು ವಿಷಯ ಬಿಟ್ಟುಕೊಡುತ್ತದೆ. ಒಂದು, ಪೂರ್ತಿ ನಂಬರ್. ಹಳ್ಳಿಗಳಲ್ಲಿ ಬ್ಯಾಂಕ್ ಪ್ರತಿನಿಧಿಗಳ ಪುಟ್ಟ ಯಂತ್ರದಲ್ಲಿ ಆಧಾರ್ ನಂಬರ್, ಬ್ಯಾಂಕಿನ ಹೆಸರು, ಹೆಬ್ಬೆಟ್ಟು ಇಷ್ಟಿದ್ದರೆ ಹಣ ತೆಗೆಯಬಹುದು. ಪಿನ್ ಬೇಡ, ಓಟಿಪಿ ಬೇಡ. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ಕದ್ದು, ನಕಲಿ ಬೆರಳಚ್ಚು ಮಾಡಿ ಹೀಗೆ ದುಡ್ಡು ಹೊಡೆದವರು ಹಲವು ಕಡೆ ಸಿಕ್ಕಿಬಿದ್ದಿದ್ದಾರೆ. ಬೆರಳಚ್ಚು ಸಿಕ್ಕವನಿಗೆ ನಂಬರ್ ಸಿಗದಂತೆ ಮಾಡುವುದು ಮಾಸ್ಕ್ಡ್ ಪ್ರತಿಯ ಕೆಲಸ. ಅದರಲ್ಲಿ ಮೊದಲ 8 ಅಂಕಿಯ ಜಾಗದಲ್ಲಿ xxxx xxxx ಇರುತ್ತದೆ, ಕೊನೆಯ 4 ಮಾತ್ರ ಕಾಣುತ್ತವೆ.

ಎರಡನೆಯದು ಕಾಗದವೇ. ಅದರಲ್ಲಿ ನಿಮ್ಮ ಹೆಸರು, ಫೋಟೊ, ವಿಳಾಸ ಇವೆ. ಯಾವುದಕ್ಕೆ ಕೊಟ್ಟಿದ್ದು ಅಂತ ಮಾತ್ರ ಇಲ್ಲ. ಅದನ್ನು ಯಾವ ಅರ್ಜಿಗಾದರೂ ಪಿನ್ ಹೊಡೆದು ಸೇರಿಸಬಹುದು. ನಂಬರ್ ಮುಚ್ಚಿದರೂ ಈ ಅಪಾಯ ಹೋಗಲ್ಲ. ಅದಕ್ಕೇ ಕಾರಣವನ್ನೂ ಬರೆಯಬೇಕು. ಒಂದು ಮಾಡಿ ಇನ್ನೊಂದು ಬಿಟ್ಟರೆ ಅರ್ಧ ಕೆಲಸ.

ಪ್ರತಿ ಪಡೆಯುವುದು

ಇದು ಸುಲಭ. myaadhaar.uidai.gov.in ನಲ್ಲಿ ಆಧಾರ್ ಇಳಿಸಿಕೊಳ್ಳುವಾಗ ಮಾಸ್ಕ್ಡ್ ಬೇಕಾ ಅಂತ ಕೇಳುವ ಚೌಕಕ್ಕೆ ಟಿಕ್ ಹಾಕಿ, ಓಟಿಪಿ ಕೊಡಿ. ಫೈಲ್ ತೆರೆಯುವ ಪಾಸ್‌ವರ್ಡ್ ಅಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡದಾಗಿ, ಜೊತೆಗೆ ಹುಟ್ಟಿದ ವರ್ಷ. 1988ರಲ್ಲಿ ಹುಟ್ಟಿದ ಮಂಜುನಾಥನಿಗೆ MANJ1988. ಇಷ್ಟು ಸುಲಭದ ಪಾಸ್‌ವರ್ಡ್ ಆದ್ದರಿಂದಲೇ ಇನ್ನೊಂದು ಮಾತು: ಅಂಗಡಿಯ ಕಂಪ್ಯೂಟರಿನಲ್ಲಿ ಪ್ರಿಂಟ್ ತೆಗೆಸಿದರೆ ಫೈಲನ್ನು ಎದುರಿಗೇ ಅಳಿಸಿಸಿ. ನನ್ನಂಗಡಿಯಲ್ಲೂ ಕೇಳಿ, ನಾನೇನೂ ಬೇಜಾರು ಮಾಡಿಕೊಳ್ಳಲ್ಲ.

ಕೈಯಲ್ಲೇ ಮುಚ್ಚುವವರಿಗೆ

ಮೊಬೈಲ್ ನಂಬರ್ ಜೋಡಣೆ ಇಲ್ಲದವರಿಗೆ ಓಟಿಪಿ ಬರಲ್ಲ, ಹಳೇ ಕಾರ್ಡಿನ ಜೆರಾಕ್ಸ್ ಮೇಲೆ ಪೆನ್ನಲ್ಲಿ ಗೀಚುತ್ತಾರೆ. ಜನ ಹೆಚ್ಚಾಗಿ ಎಡವುವುದು ಇಲ್ಲೇ.

ಬಾಲ್‌ಪೆನ್ನಿನಲ್ಲಿ ಗೀಚಿದ ಕಾಗದವನ್ನು ಕಿಟಕಿಗೆ ಹಿಡಿದು ನೋಡಿ, ಅಂಕಿ ಕಾಣುತ್ತವೆ. ದಪ್ಪ ಮಾರ್ಕರ್ ಹಚ್ಚಿದರೂ ಕಾಗದವನ್ನು ಸ್ವಲ್ಪ ಓರೆ ಮಾಡಿದರೆ ಜೆರಾಕ್ಸ್ ಪುಡಿಯ ಹೊಳಪು ಬೇರೆ, ಇಂಕಿನ ಹೊಳಪು ಬೇರೆ. ಉಪಾಯ ಒಂದೇ: ಮಾರ್ಕರ್ ಹಚ್ಚಿದ ಪ್ರತಿಯನ್ನು ಇನ್ನೊಂದು ಸಲ ಜೆರಾಕ್ಸ್ ಮಾಡಿಸಿ, ಆ ಎರಡನೇ ಪ್ರತಿಯನ್ನು ಕೊಡಿ. ಮೊದಲಿನದನ್ನು ಹರಿದುಹಾಕಿ. ಮೊಬೈಲ್‌ನಲ್ಲಿ ಮುಚ್ಚುವವರು ಹೈಲೈಟರ್ ಬಳಸಬೇಡಿ. ಅದು ಪಾರದರ್ಶಕ, ಫೋಟೊದ ಬೆಳಕು ಏರಿಸಿದರೆ ಅಂಕಿ ಎದ್ದು ಬರುತ್ತವೆ. ಗಟ್ಟಿ ಕಪ್ಪು ಚೌಕವನ್ನೇ ಇಡಿ.

ಮುಂದಿನದು, ಎಲ್ಲೆಲ್ಲಿ ಮುಚ್ಚಬೇಕು ಅನ್ನುವುದು. ಮುಂದೆ ಮುಚ್ಚಿ ಹಿಂದೆ ಮರೆಯುವವರೇ ಜಾಸ್ತಿ. ನಂಬರ್ ಎರಡೂ ಬದಿಯಲ್ಲಿರುತ್ತದೆ. ಕೆಳಗೆ ವಿಐಡಿ ಅಂತ 16 ಅಂಕಿ ಇದ್ದರೆ ಅದನ್ನೂ ಮುಚ್ಚಿ, ಆಧಾರ್ ನಂಬರಿನ ಬದಲಿಗೆ ಅದೂ ನಡೆಯುತ್ತದೆ. ಇನ್ನೊಂದು ಬಹಳ ಜನಕ್ಕೆ ಗೊತ್ತಿಲ್ಲ: 2018ಕ್ಕಿಂತ ಹಿಂದಿನ ಕಾರ್ಡಿನ ಕ್ಯೂಆರ್ ಚೌಕದೊಳಗೆ ಪೂರ್ತಿ ನಂಬರ್ ಹಾಗೇ ಇರುತ್ತದೆ. ಯಾವ ಸ್ಕ್ಯಾನರ್ ಹಿಡಿದರೂ ಓದುತ್ತದೆ. ಅಂಕಿಗೆ ಮಸಿ ಬಳಿದು ಕ್ಯೂಆರ್ ಬಿಟ್ಟರೆ, ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಹೊಸ್ತಿಲ ಮೇಲಿಟ್ಟ ಹಾಗೆ. ಹೊಸ ಕ್ಯೂಆರ್‌ನಲ್ಲಿ ಕೊನೆಯ 4 ಅಂಕಿ ಮಾತ್ರ ಇರುತ್ತವೆ, ಅದನ್ನು ಮುಚ್ಚಬೇಕಾಗಿಲ್ಲ.

ಕಾರಣ ಬರೆಯುವುದು

ಮೊನ್ನೆ ನನ್ನ ಅಕ್ಕನ ಮಗ ವಿದ್ಯಾನಗರದಲ್ಲಿ ಓದೋಕೆ ಒಂದು ರೂಮ್ ಹಿಡಿದ. ಮನೆ ಮಾಲೀಕರು ಆಧಾರ್ ಕೇಳಿದರು. ಹುಡುಗ ಪ್ರತಿಯ ಕೆಳಗಿನ ಖಾಲಿ ಜಾಗದಲ್ಲಿ ಮುದ್ದಾಗಿ "ಬಾಡಿಗೆಗಾಗಿ" ಅಂತ ಬರೆದು ತಂದ. "ಈಗ ಇದನ್ನ ನಾನು ಹಾಳು ಮಾಡ್ತೀನಿ ನೋಡು" ಅಂದು ಕತ್ತರಿ ತೆಗೆದುಕೊಂಡು ಕೆಳಗಿನ ಪಟ್ಟಿ ಕತ್ತರಿಸಿದೆ. ಉಳಿದದ್ದು ಬರೀ ಜೆರಾಕ್ಸ್. "ಮಾಮಾ, ಮತ್ತೆ ಎಲ್ಲಿ ಬರೀಬೇಕು?" ಅಂದ.

ಬರೆಯಬೇಕಾದ್ದು ಕಾರ್ಡಿನ ಚಿತ್ರದ ಮೇಲೇ. ಹೆಸರಿನ ಸಾಲು ದಾಟಿ ಫೋಟೊದ ಭುಜದ ಭಾಗಕ್ಕೆ ತಾಗುವಂತೆ ಓರೆಯಾಗಿ ಬರೆಯಿರಿ. ಮುಖ ಮುಚ್ಚಬಾರದು, ಹೆಸರು ಓದಲು ಬರಬೇಕು. ಅವನಿಗೆ ಬರೆಸಿದ್ದು ಹೀಗೆ: "ವಿದ್ಯಾನಗರದ ಬಾಡಿಗೆ ಕರಾರಿಗೆ ಮಾತ್ರ", ಅದರ ಕೆಳಗೆ ಮಾಲೀಕರ ಹೆಸರು, ತಾರೀಕು. 'ಮಾತ್ರ' ಬಿಡಬಾರದು, ಯಾರಿಗೆ ಕೊಟ್ಟಿದ್ದು ಅನ್ನುವುದನ್ನೂ ಬಿಡಬಾರದು. "ವಿಳಾಸದ ದಾಖಲೆಗಾಗಿ" ಅಂತ ಬರೆದರೆ ಸುಮ್ನೆ. ಸಾಲ ಕೇಳುವವನಿಗೂ ವಿಳಾಸದ ದಾಖಲೆಯೇ ಬೇಕಲ್ವಾ? ಸಹಿ ಚಿತ್ರದ ಒಳಗೆ ಶುರುವಾಗಿ ಹೊರಗಿನ ಬಿಳಿ ಕಾಗದದಲ್ಲಿ ಮುಗಿಯಲಿ.

ಬರೆಯಲು ನೀಲಿ ಬಾಲ್‌ಪೆನ್ನೇ ಇರಲಿ, ಇದರಲ್ಲಿ ನಾನು ರಾಜಿ ಆಗಲ್ಲ. ನೀವು ಕೊಟ್ಟ ಪ್ರತಿಯಲ್ಲಿ ನೀಲಿ, ಯಾರೋ ತೆಗೆದ ಮರುಜೆರಾಕ್ಸ್‌ನಲ್ಲಿ ಕಪ್ಪು, ನೋಡಿದ ಕೂಡಲೇ ವ್ಯತ್ಯಾಸ ತಿಳಿಯುತ್ತದೆ. ಜೆಲ್ ಪೆನ್ ಬೆವರಿಗೂ ಕಲೆಸುತ್ತದೆ. ಒಂದು ಸಲ ಬರೆದು ಹತ್ತು ಜೆರಾಕ್ಸ್ ಮಾಡಿಸಿಕೊಳ್ಳುವುದೂ ಬೇಡ, ಪ್ರತಿ ಸಲ ಹೊಸದಾಗಿ ಬರೆಯಿರಿ. ಕೊಡುವ ಮೊದಲು ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ನಾಳೆ ಈ ಪ್ರತಿ ಬೇರೆಲ್ಲಾದರೂ ಕಂಡರೆ ಯಾರ ಕೈಯಿಂದ ಹೋಯಿತು ಅಂತ ತೋರಿಸಲು ಅದೇ ಆಧಾರ.

ಇಷ್ಟಾದರೂ ಕಂಪ್ಯೂಟರಿನಲ್ಲಿ ಕೂತು ಬರಹ ಅಳಿಸಿ ನಕಲಿ ಮಾಡುವವನನ್ನು ಇದು ತಡೆಯಲ್ಲ. ರದ್ದಿಯಲ್ಲಿ ಸಿಕ್ಕ ಕಾಗದವನ್ನು ಹಾಗೇ ಬಳಸುವವನನ್ನು ತಡೆಯುತ್ತದೆ. ಪಾನ್ ಕಾರ್ಡಿಗೆ ಮಾಸ್ಕ್ಡ್ ಪ್ರತಿ ಇಲ್ಲ, ಅಲ್ಲಿ ಕಾರಣ ಬರೆಯುವುದೊಂದೇ ದಾರಿ.

ಕೆಲವರು "ನಂಬರ್ ಇಲ್ಲದ್ದು ನಡೆಯಲ್ಲ" ಅನ್ನುತ್ತಾರೆ. ಸಬ್ಸಿಡಿ ಹಣ ಖಾತೆಗೆ ಬರುವಂಥ ಕೆಲಸಕ್ಕೆ ಪೂರ್ತಿ ನಂಬರ್ ಬೇಕು, ಅದು ನಿಜ. ಆದರೆ ಆಧಾರ್ ದೃಢೀಕರಣ ಬೇಕಿಲ್ಲದ ಕಡೆ ಗ್ರಾಹಕರಿಂದ ನಂಬರ್ ಮುಚ್ಚಿಸಿಯೇ ಪ್ರತಿ ಪಡೆಯಬೇಕು ಅಂತ ಬ್ಯಾಂಕುಗಳಿಗೇ ರಿಸರ್ವ್ ಬ್ಯಾಂಕಿನ ನಿಯಮವಿದೆ. ವಿದ್ಯಾನಗರದ ಮಾಲೀಕರೂ ಮೊದಲು ಮುಖ ಸಿಂಡರಿಸಿದರು. ಯುಐಡಿಎಐ ಸ್ಕ್ಯಾನರ್ ಆ್ಯಪ್ ಹಾಕಿಕೊಂಡು ಪ್ರತಿಯ ಕ್ಯೂಆರ್ ಹಿಡಿಯಿರಿ ಅಂದೆ. ಹುಡುಗನ ಫೋಟೊ, ಹೆಸರು, ಊರಿನ ವಿಳಾಸ ಪರದೆ ಮೇಲೆ ಬಂತು. "ಜೆರಾಕ್ಸ್‌ಗಿಂತ ಇದೇ ವಾಸಿ ಬಿಡ್ರಿ, ಇದ್ರಾಗೆ ಫೋಟೊ ಕಲರ್ ಐತಿ" ಅಂದು ಕೀ ಕೊಟ್ಟರು.