ರೀಫರ್ಬಿಶ್ಡ್ ಲ್ಯಾಪ್‌ಟಾಪ್: ಆರ್ಡರ್ ಮಾಡುವ ಮುನ್ನ, ಪೆಟ್ಟಿಗೆ ಬಂದ ಮೇಲೆ

ಆನ್‌ಲೈನ್‌ನಲ್ಲಿ ಸಿಗುವ ರೀಫರ್ಬಿಶ್ಡ್ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟು ಬಂದಿರುವುದು ಕಂಪನಿಗಳಿಂದ. ದೊಡ್ಡ ಕಂಪನಿಗಳು ಡೆಲ್ ಲ್ಯಾಟಿಟ್ಯೂಡ್, ಲೆನೊವೊ ಥಿಂಕ್‌ಪ್ಯಾಡ್, ಎಚ್‌ಪಿ ಎಲೀಟ್‌ಬುಕ್‌ನಂಥವನ್ನು ನೂರಾರು ಸಂಖ್ಯೆಯಲ್ಲಿ ಲೀಸ್‌ಗೆ ತಂದು, ಮೂರ್ನಾಲ್ಕು ವರ್ಷ ಬಳಸಿ ಒಟ್ಟಿಗೆ ಬಿಟ್ಟುಕೊಡುತ್ತವೆ. ಅವನ್ನು ಕೊಂಡವರು ಒರೆಸಿ, ಡಿಸ್ಕ್ ಅಳಿಸಿ, ಕೆಟ್ಟದ್ದನ್ನು ಬದಲಿಸಿ ಮಾರುತ್ತಾರೆ. ಈ ಲ್ಯಾಪ್‌ಟಾಪ್‌ಗಳು ಗಟ್ಟಿ, ಬಿಡಿಭಾಗಗಳೂ ಸುಲಭವಾಗಿ ಸಿಗುತ್ತವೆ. ಕಾಲೇಜಿಗೆ ಹೋಗುವ ಮಗಳಿಗೆ ಒಂದು ಬೇಕು ಎಂದಿಟ್ಟುಕೊಳ್ಳಿ. ಡೆಲ್ ಲ್ಯಾಟಿಟ್ಯೂಡ್ 7490 ಕಣ್ಣಿಗೆ ಬಿದ್ದಿದೆ. ಅದನ್ನೇ ಹಿಡಿದು ನೋಡೋಣ.

ಮೊದಲು ಪ್ರೊಸೆಸರ್

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು. ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ, ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. i5-8350U ಎಂದಿದ್ದರೆ ಅಡ್ಡಗೆರೆಯ ನಂತರದ 8 ನೋಡಿ, ಅದೇ ತಲೆಮಾರು. i5-7300U ಎಂದಿದ್ದರೆ 7ನೆಯದು, ಅದು ಬೇಡ. ಹಳೆಯ ತಲೆಮಾರಿನ ಪ್ರೊಸೆಸರ್ ಇರುವ 7480 ಮತ್ತು ನಮ್ಮ 7490 ಮಾದರಿಗಳು ನೋಡಲು ಹೆಚ್ಚುಕಮ್ಮಿ ಒಂದೇ ಥರ ಇವೆ. ಹಾಗಾಗಿ ಫೋಟೊ ನೋಡಿ ತೀರ್ಮಾನಿಸಬೇಡಿ. ಬರೀ "ಕೋರ್ ಐ5, 8 ಜಿಬಿ" ಎಂದು ಬರೆದು ಪೂರ್ತಿ ಪ್ರೊಸೆಸರ್ ಹೆಸರು ಹಾಕದವರಿಂದ ಕೊಳ್ಳುವುದೇ ಬೇಡ.

ಗ್ರೇಡ್ ಏನು ಹೇಳುತ್ತದೆ?

ಎ, ಬಿ, ಸಿ ಗ್ರೇಡ್‌ಗಳಿಗೆ ಎಲ್ಲರೂ ಒಪ್ಪಿದ ಒಂದೇ ಅಳತೆ ಇಲ್ಲ. ಒಬ್ಬರ ಎ ಇನ್ನೊಬ್ಬರ ಬಿ ಆಗಿರಬಹುದು. ಅದಕ್ಕಿಂತ ಮುಖ್ಯವಾಗಿ, ಗ್ರೇಡ್ ಹೇಳುವುದು ಬಹುತೇಕ ಹೊರಮೈ ಬಗ್ಗೆ ಮಾತ್ರ: ಗೀರು, ನೆಗ್ಗು, ಬಣ್ಣ ಮಾಸಿದ ಕೀಲಿಗಳು. ಬ್ಯಾಟರಿ ಎಷ್ಟು ಸವೆದಿದೆ ಎಂಬುದು ಅದರಲ್ಲಿ ಸಿಗುವುದಿಲ್ಲ. ಮುಚ್ಚಳದ ಮೇಲೆ ಗೀರಿರುವ ಬಿ ಗ್ರೇಡ್ ಲ್ಯಾಪ್‌ಟಾಪ್ ಎಷ್ಟೋ ಸಲ ಒಳ್ಳೆಯ ವ್ಯಾಪಾರ. ಕೆಲಸಕ್ಕೆ ಅಡ್ಡಿಯಿಲ್ಲ, ಬೆಲೆಯೂ ಕಡಿಮೆ. ಆದರೆ ಮಾರುವವರ ಗ್ರೇಡ್ ವಿವರಣೆಯಲ್ಲಿ ಎರಡು ಸಂಗತಿ ಹುಡುಕಿ. ಪರದೆ ಮೇಲೆ ಬಿಳಿ ಮಚ್ಚೆ ಇರಬಹುದು ಎಂದಿದೆಯೇ? ಬ್ಯಾಟರಿಗೆ ಕನಿಷ್ಠ ಇಷ್ಟು ಶೇಕಡಾ ಎಂಬ ಮಾತು ಇದೆಯೇ? ಇಲ್ಲದಿದ್ದರೆ ಕೇಳಿ. ಉತ್ತರ ಬರಹದಲ್ಲಿ ಬರಲಿ, ಫೋನಿನಲ್ಲಿ ಬೇಡ.

ಮಾರುವವರು ಯಾರು?

ದೊಡ್ಡ ಜಾಲತಾಣದಲ್ಲಿ ಕೊಂಡರೂ ಮಾರುವವರು ಬೇರೆಯೇ ಇರುತ್ತಾರೆ. ಉತ್ಪನ್ನದ ಕೆಳಗಿನ ನಕ್ಷತ್ರಗಳನ್ನು ನೋಡಿ ಮೋಸಹೋಗುವುದು ಸುಲಭ. ಆ ವಿಮರ್ಶೆಗಳು ಬೇರೆ ಮಾರಾಟಗಾರರ ಅಥವಾ ಬೇರೆ ಮಾದರಿಯ ಲ್ಯಾಪ್‌ಟಾಪ್‌ನವೂ ಆಗಿರಬಹುದು. ಮಾರಾಟಗಾರರ ಹೆಸರಿನ ಮೇಲೆ ಒತ್ತಿ, ಅವರ ಪುಟದಲ್ಲಿರುವ ವಿಮರ್ಶೆ ಓದಿ. ಐದು ನಕ್ಷತ್ರ ಕೊಟ್ಟವರು ಹೆಚ್ಚಾಗಿ ಪೆಟ್ಟಿಗೆ ಬಂದ ದಿನವೇ ಬರೆದಿರುತ್ತಾರೆ. ಎರಡು, ಮೂರು ನಕ್ಷತ್ರ ಕೊಟ್ಟು "ನಾಲ್ಕು ತಿಂಗಳಾದ ಮೇಲೆ" ಎಂದು ಶುರು ಮಾಡುವವರ ಮಾತು ಜಾಸ್ತಿ ಉಪಯೋಗಕ್ಕೆ ಬರುತ್ತದೆ. ರಿಪೇರಿಗೆ ಕಳಿಸಿದಾಗ ಏನಾಯಿತು ಎಂಬುದು ಅಲ್ಲೇ ಗೊತ್ತಾಗುವುದು.

ವಾರಂಟಿಯ ವಿಷಯದಲ್ಲಿ ತಿಂಗಳುಗಳ ಲೆಕ್ಕಕ್ಕಿಂತ ಷರತ್ತು ಮುಖ್ಯ. ಇದು ಸಾಮಾನ್ಯವಾಗಿ ಮಾರಾಟಗಾರರು ಕೊಡುವ ವಾರಂಟಿ. ಡೆಲ್ ಸರ್ವಿಸ್ ಸೆಂಟರ್‌ಗೆ ಹೋದರೆ ನಡೆಯುವುದಿಲ್ಲ. ಬ್ಯಾಟರಿ ಮತ್ತು ಚಾರ್ಜರ್‌ಗೆ ಎಷ್ಟು ದಿನ? ರಿಪೇರಿಗೆ ಕಳಿಸುವ ಕೊರಿಯರ್ ಖರ್ಚು ಯಾರದು? ಬಿಲ್‌ನಲ್ಲಿ ಲ್ಯಾಪ್‌ಟಾಪ್‌ನ ಸೀರಿಯಲ್ ನಂಬರ್ ಹಾಕುತ್ತಾರೆಯೇ? ಈ ಮೂರನ್ನು ದುಡ್ಡು ಕಟ್ಟುವ ಮುಂಚೆಯೇ ತಿಳಿದುಕೊಳ್ಳಿ. ವಾಪಸ್ ನಿಯಮವನ್ನೂ ಓದಿ. ಹಣ ಮರಳುತ್ತದೆಯೋ, ಬರೀ ಬದಲಿ ಕೊಡುತ್ತಾರೋ ಎಂಬುದರಲ್ಲಿ ಬಹಳ ವ್ಯತ್ಯಾಸ ಇದೆ.

ಪೆಟ್ಟಿಗೆ ಬಂದ ದಿನ

ವಾಪಸ್ ಕೊಡಲು ಇರುವ ಕೆಲವೇ ದಿನಗಳು ನಿಮ್ಮ ನಿಜವಾದ ಪರೀಕ್ಷೆಯ ಕಾಲ. ಪೆಟ್ಟಿಗೆ ತೆರೆಯುವಾಗ ಒಂದೇ ಓಟದಲ್ಲಿ ವಿಡಿಯೊ ಮಾಡಿ. ಕೆಳಭಾಗದ ಸರ್ವಿಸ್ ಟ್ಯಾಗ್, ಅಂದರೆ ಡೆಲ್‌ನ ಸೀರಿಯಲ್ ನಂಬರ್, ಅದರಲ್ಲಿ ಕಾಣಲಿ. ಆನ್ ಮಾಡುವಾಗ F2 ಒತ್ತುತ್ತಿದ್ದರೆ ಬಯೋಸ್, ಅಂದರೆ ವಿಂಡೋಸ್‌ಗೂ ಮೊದಲಿನ ಸೆಟ್ಟಿಂಗ್ ಪರದೆ, ತೆರೆದುಕೊಳ್ಳುತ್ತದೆ. ಅಲ್ಲಿರುವ ಸರ್ವಿಸ್ ಟ್ಯಾಗ್, ಕೆಳಗಿನ ಚೀಟಿ, ಬಿಲ್ ಮೂರೂ ತಾಳೆಯಾಗಬೇಕು. ಬಯೋಸ್ ಪಾಸ್‌ವರ್ಡ್ ಕೇಳಿದರೆ ಹಳೆಯ ಕಂಪನಿಯ ಬೀಗ ಇನ್ನೂ ಬಿಚ್ಚಿಲ್ಲ ಎಂದರ್ಥ. ಹಾಗೇ ವಾಪಸ್ ಕಳಿಸಿ.

ಇನ್ನೊಂದು ಬೀಗ ಇದೆ, ಅದು ಮೇಲ್ನೋಟಕ್ಕೆ ಕಾಣುವುದಿಲ್ಲ. ಕಂಪನಿಗಳು ತಮ್ಮ ಲ್ಯಾಪ್‌ಟಾಪ್‌ಗಳನ್ನು ಮೈಕ್ರೋಸಾಫ್ಟ್‌ನ ಆಟೊಪೈಲಟ್‌ನಲ್ಲಿ ನೋಂದಾಯಿಸಿರುತ್ತವೆ. ಮಾರುವಾಗ ಹೆಸರು ತೆಗೆಸದೇ ಇದ್ದರೆ, ಮುಂದೆ ಎಂದೋ ವಿಂಡೋಸ್ ಮತ್ತೆ ಹಾಕಿದಾಗ ಆ ಕಂಪನಿಯ ಹೆಸರು ಬಂದು, ಅಲ್ಲಿನ ಇಮೇಲ್ ಕೇಳುತ್ತದೆ. ಅದಕ್ಕೇ ಮೊದಲ ದಿನವೇ Settings ನಲ್ಲಿ System, Recovery, Reset this PC ಒತ್ತಿ ಎಲ್ಲ ಅಳಿಸಿ, ವೈಫೈ ಜೋಡಿಸಿಕೊಂಡೇ ಮತ್ತೆ ಶುರು ಮಾಡಿ. ಒಂದೆರಡು ಗಂಟೆ ಹಿಡಿಯಬಹುದು. ಆದರೂ ಬಿಡಬೇಡಿ. ಮುಗಿದ ಮೇಲೆ System ಒಳಗಿನ Activation ನಲ್ಲಿ Active ಎಂದಿದೆಯೇ ನೋಡಿ.

ಈಗ ಬ್ಯಾಟರಿ. ಸ್ಟಾರ್ಟ್‌ನಲ್ಲಿ cmd ಎಂದು ಹುಡುಕಿ ತೆರೆದು, ಇದನ್ನು ಟೈಪ್ ಮಾಡಿ:

```
powercfg /batteryreport
```

ವರದಿ ಎಲ್ಲಿ ಉಳಿದಿದೆ ಎಂದು ಅದೇ ಹೇಳುತ್ತದೆ. ಆ ಕಡತವನ್ನು ಬ್ರೌಸರ್‌ನಲ್ಲಿ ತೆರೆಯಿರಿ. DESIGN CAPACITY ಎಂಬುದು ಬ್ಯಾಟರಿ ಹೊಸತಿದ್ದಾಗಿನ ಸಾಮರ್ಥ್ಯ, FULL CHARGE CAPACITY ಎಂಬುದು ಈಗಿನದು. 7490ರ ದೊಡ್ಡ ಬ್ಯಾಟರಿ 60 ವ್ಯಾಟ್ ಅವರ್‌ನದು. ವರದಿಯ DESIGN CAPACITY ಸಾಲಿನಲ್ಲಿ 60,000 mWh ಆಸುಪಾಸು ಕಾಣಬೇಕು. ಅಲ್ಲಿ 42,000 ಆಸುಪಾಸು ಇದ್ದರೆ ಚಿಕ್ಕ ಬ್ಯಾಟರಿ ಹಾಕಿದ್ದಾರೆ. ದೊಡ್ಡದೇ ಇದ್ದು, FULL CHARGE CAPACITY ಈಗ 43,200 ಉಳಿದಿದೆ ಅಂದುಕೊಳ್ಳಿ. 60,000ದಿಂದ ಭಾಗಿಸಿದರೆ ಶೇ 72. ಓದು, ಬರಹ, ಬ್ರೌಸಿಂಗ್‌ಗೆ 9 ವ್ಯಾಟ್ ಖರ್ಚಾಗುತ್ತದೆ ಎಂದು ಹಿಡಿದರೆ ಐದು ಗಂಟೆಗೆ ಸ್ವಲ್ಪ ಕಡಿಮೆ ಬರುತ್ತದೆ. ಮಗಳ ಬಳಕೆಗೆ ಅಷ್ಟು ಸಾಕಾಗಬಹುದು. ಆದರೆ ಮಾರುವವರು ಕನಿಷ್ಠ ಶೇ 80 ಎಂದು ಬರೆದಿದ್ದರೆ, ಈ ವರದಿ ಕಳಿಸಿ ಬ್ಯಾಟರಿ ಬದಲಿಸಿಕೊಡಲು ಕೇಳಬಹುದು.

ವರದಿಯನ್ನು ಪೂರ್ತಿ ನಂಬುವ ಹಾಗೂ ಇಲ್ಲ. ಎರಡೂ ಅಂಕಿ ಒಂದೇ ಆಗಿದ್ದು, ಎಷ್ಟು ಸಲ ಚಾರ್ಜ್ ಆಗಿದೆ ಎಂದು ಹೇಳುವ CYCLE COUNT ಸೊನ್ನೆ ಅಥವಾ ಖಾಲಿ ಇದ್ದರೆ ಅದು ಹೊಸ ಬ್ಯಾಟರಿ ಇರಬಹುದು, ಸರಿಯಾದ ಲೆಕ್ಕ ಕೊಡದ ಅಗ್ಗದ ಬ್ಯಾಟರಿಯೂ ಇರಬಹುದು. ಪೂರ್ತಿ ಚಾರ್ಜ್ ಮಾಡಿ, ವೈರ್ ತೆಗೆದು, ವಿಡಿಯೊ ಓಡಿಸಿಟ್ಟು ಅರ್ಧ ಗಂಟೆಗೊಮ್ಮೆ ಶೇಕಡಾ ಬರೆದುಕೊಳ್ಳಿ. ಒಂದೇ ಸಮನೆ ಇಳಿದರೆ ಸರಿ. 40ರಿಂದ ಒಮ್ಮೆಲೇ 10ಕ್ಕೆ ಬಿದ್ದರೆ, ಅಥವಾ ಪಟ್ಟನೆ ಆಫ್ ಆದರೆ, ಆ ಬ್ಯಾಟರಿ ಬೇಡ. ಟಚ್‌ಪ್ಯಾಡ್ ಮೇಲೆದ್ದಂತೆ ಇದ್ದರೆ, ಕೆಳಮೈ ಉಬ್ಬಿ ಮೇಜಿನ ಮೇಲೆ ಅಲುಗಾಡಿದರೆ ಬ್ಯಾಟರಿ ಊದಿದೆ. ತಕ್ಷಣ ಆಫ್ ಮಾಡಿ, ಚಾರ್ಜ್‌ಗೆ ಹಾಕಬೇಡಿ. ಮಾರಾಟಗಾರರಿಗೆ ಬ್ಯಾಟರಿ ಊದಿರುವುದನ್ನು ತಿಳಿಸಿಯೇ ವಾಪಸ್ ಕೊಡಿ.

ಮಾರಾಟಗಾರರು ಒಪ್ಪದಿದ್ದರೆ ಜಾಲತಾಣದ ದೂರು ಅಧಿಕಾರಿಗೆ ವಿಡಿಯೊ ಮತ್ತು ವರದಿಯ ಸಮೇತ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ದೂರು ಹೇಳಬಹುದು.