ಬೆಳಗಿನ ಶುಗರ್ ಜಾಸ್ತಿ ಬಂದಾಗ ರಾತ್ರಿ ಮೂರಕ್ಕೆ ಎದ್ದು ನೋಡಿದ್ದು

ಬೆಳಗಿನ ಖಾಲಿ ಹೊಟ್ಟೆಯ ಶುಗರ್ 190, 200ರ ಆಸುಪಾಸಿನಲ್ಲೇ ನಿಂತುಬಿಟ್ಟಿತ್ತು. ನನ್ನದು ಟೈಪ್ 2. ಬೆಳಿಗ್ಗೆ ತಿಂಡಿಗೆ ಮುಂಚೆ, ರಾತ್ರಿ ಊಟಕ್ಕೆ ಮುಂಚೆ 30/70 ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದೆ. ರಾತ್ರಿಯ ಡೋಸ್ 16 ಯೂನಿಟ್. ಇಂಥ ಅಂಕಿ ಕಂಡರೆ ರಾತ್ರಿಯದನ್ನು ಎರಡು ಯೂನಿಟ್ ಏರಿಸೋಣ ಅಂತಲೇ ಮೊದಲು ತೋಚುತ್ತದೆ. ನಮ್ಮ ಡಾಕ್ಟರ್ ಏರಿಸಲಿಲ್ಲ. ನನ್ನ ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, 7.2 ಇತ್ತು. ದಿನಾ ಬೆಳಿಗ್ಗೆ 200 ಇರುವವರಿಗೆ ಇದು ಸ್ವಲ್ಪ ಕಡಿಮೆಯೇ. "ಯಾವಾಗಲೋ ಚೆನ್ನಾಗಿ ಇಳಿಯುತ್ತಿದೆ. ರಾತ್ರಿ ಮೂರಕ್ಕೆ ಒಮ್ಮೆ ನೋಡಿ, ಆಮೇಲೆ ಡೋಸ್ ಮಾತು" ಅಂದರು.

ಮೂರು ಗಂಟೆಯೇ ಯಾಕೆ? ಬೆಳಿಗ್ಗೆ ಶುಗರ್ ಏರುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳಿರುತ್ತವೆ. ಮೂರೂ ಬೇರೆ ಬೇರೆಯಾಗಿ ಕಾಣುವುದು ಆ ಹೊತ್ತಿಗೇ. ಮೊದಲನೆಯದು ಸುಲಭ: ಮಲಗುವಾಗಲೇ ಜಾಸ್ತಿ ಇರುತ್ತದೆ, ರಾತ್ರಿಯಿಡೀ ಹಾಗೇ ಇರುತ್ತದೆ. ತಡವಾದ ಊಟ, ಜಾಸ್ತಿ ಅನ್ನ, ಸಾಲದ ಇನ್ಸುಲಿನ್, ಇಷ್ಟೇ. ಎರಡನೆಯದು ಮುಂಜಾವಿನ ಏರಿಕೆ, ಡಾಕ್ಟರುಗಳು ಡಾನ್ ಫಿನಾಮಿನನ್ ಅನ್ನುತ್ತಾರೆ. ಬೆಳಗಿನ ಜಾವ ಮೂರು ನಾಲ್ಕರ ಹೊತ್ತಿಗೆ ಮೈ ಏಳಲು ತಯಾರಾಗುತ್ತದೆ. ಕಾರ್ಟಿಸಾಲ್, ಗ್ರೋತ್ ಹಾರ್ಮೋನ್ ಮುಂತಾದವು ಕೆಲಸ ಮಾಡುತ್ತಿರುತ್ತವೆ, ಲಿವರ್ ಸಕ್ಕರೆ ಬಿಡುತ್ತದೆ. ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ಮೇದೋಜೀರಕ ಗ್ರಂಥಿ ಅದಕ್ಕೆ ತಕ್ಕಷ್ಟು ಇನ್ಸುಲಿನ್ ಬಿಟ್ಟು ಸರಿದೂಗಿಸುತ್ತದೆ. ನಮ್ಮಲ್ಲಿ ಅದು ಆಗುವುದಿಲ್ಲ. ಮೂರನೆಯದು ನಡುರಾತ್ರಿ ಲೋ ಆಗಿ, ಅಂದರೆ ಶುಗರ್ ತೀರಾ ಇಳಿದು, ಬೆಳಿಗ್ಗೆ ಏರಿರುವುದು.

ಎರಡನೆಯದಕ್ಕೂ ಮೂರನೆಯದಕ್ಕೂ ಬೆಳಗಿನ ಅಂಕಿ ಒಂದೇ ಇರಬಹುದು. ಮಾಡಬೇಕಾದದ್ದು ಮಾತ್ರ ಪೂರ್ತಿ ಉಲ್ಟಾ. ಲೋ ಆಗುತ್ತಿರುವವರು ಡೋಸ್ ಏರಿಸಿದರೆ ನಿದ್ದೆಯಲ್ಲೇ ಪ್ರಜ್ಞೆ ತಪ್ಪಬಹುದು.

ಒಂದು ರಾತ್ರಿ ನೋಡಿದರೆ ಸಾಲದು, ಆದರೆ ಸಾಲಾಗಿ ನಿದ್ದೆಗೆಡಬೇಕಾಗಿಯೂ ಇಲ್ಲ. ನಾನು ಬಿಟ್ಟು ಬಿಟ್ಟು ಕೆಲವು ರಾತ್ರಿ ನೋಡಿದೆ. ಮಲಗುವಾಗ ಒಮ್ಮೆ, ಮೂರಕ್ಕೆ ಅಲಾರಾಂ ಇಟ್ಟು ಒಮ್ಮೆ, ಎದ್ದ ತಕ್ಷಣ ಇನ್ನೊಮ್ಮೆ. ಆ ದಿನಗಳಲ್ಲಿ ಊಟ ಒಂದೇ ಥರ: ಅದೇ ಗಾತ್ರದ ಮುದ್ದೆ, ಸೊಪ್ಪಿನ ಸಾರು, ಏಳೂವರೆಗೆ. ಮದುವೆ ಮನೆ ಊಟದ ದಿನ, ಉಪವಾಸದ ದಿನ ಲೆಕ್ಕಕ್ಕೆ ಹಿಡಿಯಲಿಲ್ಲ. ಕೈ ಸೋಪಿನಲ್ಲಿ ತೊಳೆದು ಒರೆಸಿಕೊಂಡೇ ಚುಚ್ಚಬೇಕು. ಹಣ್ಣು ಹೆಚ್ಚಿದ ಬೆರಳಿನಲ್ಲಿ ಮೀಟರ್ ಸುಮ್ನೆ 250 ತೋರಿಸಿಬಿಡಬಹುದು.

ಒಂದು ರಾತ್ರಿಯ ಅಂಕಿ ಹೀಗಿತ್ತು: ಮಲಗುವಾಗ 148, ಮೂರಕ್ಕೆ 61, ಬೆಳಿಗ್ಗೆ 194. ಉಳಿದ ರಾತ್ರಿಗಳೂ ಹೆಚ್ಚು ಕಡಿಮೆ ಇದೇ ದಾರಿ. 70ಕ್ಕಿಂತ ಕೆಳಗೆ ಇಳಿದರೆ ಲೋ, 54ಕ್ಕಿಂತ ಕೆಳಗೆ ಹೋದರೆ ಅಪಾಯ. 61 ಕಂಡಾಗ ಬೆಳಿಗ್ಗೆ ನೋಡೋಣ ಅಂತ ಮಲಗುವ ಹಾಗಿಲ್ಲ. ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಆಗಲೂ 70 ದಾಟದಿದ್ದರೆ ಇನ್ನೊಮ್ಮೆ ಕುಡಿಯಬೇಕು. ಹಾಗೆ ಕುಡಿದ ರಾತ್ರಿಯ ಬೆಳಗಿನ ಅಂಕಿಗೆ ಬೆಲೆ ಇಲ್ಲ, ಆದರೆ ಮೂರರ ಅಂಕಿಯೇ ಹೇಳಬೇಕಾದ್ದನ್ನು ಹೇಳಿರುತ್ತದೆ.

ಮೀಟರ್ ಇಲ್ಲದೆಯೂ ಕೆಲವು ಗುರುತುಗಳಿದ್ದವು. ಬೆಳಿಗ್ಗೆ ತಲೆನೋವು, ಕತ್ತಿನ ಹತ್ತಿರ ಒದ್ದೆಯಾದ ದಿಂಬು, ಕೆಟ್ಟ ಕನಸು. ಸೆಖೆ ಇರಬೇಕು ಅಂದುಕೊಳ್ಳುವುದು ಸಹಜ, ಅಲ್ವಾ? ಡಿಸೆಂಬರಿನಲ್ಲೂ ಬೆವರಿದರೆ ಮಾತ್ರ ಅನುಮಾನ ಪಡಬೇಕು.

ಲೋ ಆದ ಮೇಲೆ ಮೈ ತಾನಾಗಿ ಸಕ್ಕರೆ ಏರಿಸಿಕೊಳ್ಳುತ್ತದೆ ಎಂಬುದಕ್ಕೆ ಸೋಮೋಗಿ ಪರಿಣಾಮ ಅಂತ ಹೆಸರು. 1930ರ ದಶಕದಲ್ಲಿ ಮೈಕೆಲ್ ಸೋಮೋಗಿ ಎಂಬ ರಸಾಯನ ವಿಜ್ಞಾನಿ ಹೇಳಿದ್ದು. ಈಗ ಅದು ಅಷ್ಟು ಸಾಮಾನ್ಯ ಅಂತ ಹೆಚ್ಚಿನ ತಜ್ಞರು ನಂಬುವುದಿಲ್ಲ. ಹಗಲೂ ರಾತ್ರಿ ಶುಗರ್ ಅಳೆಯುವ ಸೆನ್ಸರ್ ಹಾಕಿ ನೋಡಿದಾಗ, ರಾತ್ರಿ ಲೋ ಆದವರಲ್ಲಿ ಹೆಚ್ಚಿನವರಿಗೆ ಬೆಳಿಗ್ಗೆಯೂ ಕಡಿಮೆಯೇ ಇರುವುದು ಕಂಡಿದೆ. ಬೆಳಗಿನ ಏರಿಕೆ ಬಹುಪಾಲು ಜನರಲ್ಲಿ ಮುಂಜಾವಿನದು ಅಥವಾ ರಾತ್ರಿ ಊಟದ್ದು. ಆದ್ದರಿಂದ ಬೆಳಿಗ್ಗೆ ಜಾಸ್ತಿ ಬಂತು ಅಂತ ತಾವೇ ರಾತ್ರಿಯ ಇನ್ಸುಲಿನ್ ಇಳಿಸುವುದೂ ಸರಿಯಲ್ಲ. ನನ್ನ ಏರಿಕೆಯಲ್ಲಿ ಇನ್ನೊಂದು ಪಾಲೂ ಇತ್ತು. ಮನೆಯವರು ಹೇಳಿದ ಮೇಲೆ ಗಮನಿಸಿದ್ದು: ನಡುರಾತ್ರಿ ಹಸಿವಾಗಿ ಎದ್ದು, ಅರೆನಿದ್ದೆಯಲ್ಲಿ ಬಾಳೆಹಣ್ಣೋ ಬಿಸ್ಕತ್ತೋ ತಿಂದು ಮಲಗುತ್ತಿದ್ದೆ. ಲೋ ಆದ ಮೈ ಹಾಗೆ ತಿನ್ನಿಸುತ್ತದೆ.

ಇಳಿಯುತ್ತಿದ್ದುದು ಯಾಕೆ ಅಂತ ಡಾಕ್ಟರ್ ಲೆಕ್ಕ ಹಾಕಿ ತೋರಿಸಿದರು. 30/70ರಲ್ಲಿ 30 ಭಾಗ ಬೇಗ ಕೆಲಸ ಮಾಡುವ ರೆಗ್ಯುಲರ್, 70 ಭಾಗ ನಿಧಾನದ ಎನ್‌ಪಿಎಚ್. 16 ಯೂನಿಟ್ ಅಂದರೆ ಸುಮಾರು 5 ರೆಗ್ಯುಲರ್, 11 ಎನ್‌ಪಿಎಚ್. ಎನ್‌ಪಿಎಚ್ ಚುಚ್ಚಿದ ನಾಲ್ಕರಿಂದ ಹತ್ತು ಗಂಟೆಯೊಳಗೆ ಅದರ ಜೋರು. ಏಳಕ್ಕೆ ಚುಚ್ಚಿದರೆ ಆ ಜೋರು ನಡುರಾತ್ರಿಗೆ ಬರುತ್ತದೆ, ಮೈಗೆ ಇನ್ಸುಲಿನ್ ಬೇಕಾಗುವುದು ತೀರಾ ಕಡಿಮೆ ಇರುವ ಹೊತ್ತಿಗೆ. ಐದಕ್ಕೆ, ನಿಜವಾಗಿ ಬೇಕಾದಾಗ, ಅದು ಇಳಿಮುಖ.

ಹಾಗಾಗಿ ರಾತ್ರಿಯ ಮಿಶ್ರಣವನ್ನು ಒಡೆದರು. ಊಟಕ್ಕೆ ಮುಂಚೆ ರೆಗ್ಯುಲರ್ 5, ಎನ್‌ಪಿಎಚ್ 9 ಮಾತ್ರ, ಅದೂ ಮಲಗುವಾಗ ಹತ್ತೂವರೆಗೆ. ಲೋ ಆಗುತ್ತಿದ್ದರೆ ಸಾಮಾನ್ಯವಾಗಿ ಶೇಕಡ 10ರಿಂದ 20ರಷ್ಟು ಇಳಿಸುತ್ತಾರೆ, ನನ್ನದು ಅದೇ ಲೆಕ್ಕ. ಜೋರಿಲ್ಲದೆ ಸಮನಾಗಿ ಕೆಲಸ ಮಾಡುವ ಗ್ಲಾರ್ಜಿನ್ ಇನ್ನೊಂದು ದಾರಿ, ಬೆಲೆ ಜಾಸ್ತಿ ಅಂತ ನಾನು ಬಿಟ್ಟೆ. ಎನ್‌ಪಿಎಚ್ ಮೋಡದ ಹಾಗೆ ಬೆಳ್ಳಗಿರುತ್ತದೆ. ಸೀಸೆಯನ್ನು ಅಂಗೈ ನಡುವೆ ಹತ್ತಿಪ್ಪತ್ತು ಸಲ ಮೆಲ್ಲಗೆ ಉರುಳಿಸದೆ ಎಳೆದರೆ ಒಂದು ರಾತ್ರಿ ಜಾಸ್ತಿ, ಒಂದು ರಾತ್ರಿ ಕಡಿಮೆ ಒಳಹೋಗುತ್ತದೆ. ಸಿರಿಂಜು ಕೂಡ ನೋಡಿಕೊಳ್ಳಿ. ಒಂದು ಮಿಲಿಗೆ 40 ಯೂನಿಟ್ ಇರುವ ಸೀಸೆಗೆ ಕೆಂಪು ಮುಚ್ಚಳದ್ದು, 100 ಇರುವುದಕ್ಕೆ ಕಿತ್ತಳೆ.

ಬದಲಾವಣೆಯ ನಂತರ ಮಲಗುವಾಗ 140, ಮೂರಕ್ಕೆ 116, ಬೆಳಿಗ್ಗೆ ಆರಕ್ಕೆ 157 ಬರತೊಡಗಿತು. ಲೋ ಹೋಯಿತು, ಬಾಳೆಹಣ್ಣೂ ಹೋಯಿತು. ಆದರೆ ಮೂರರಿಂದ ಆರರ ನಡುವೆ 40 ಏರುತ್ತಿತ್ತು. ಇದು ಮುಂಜಾವಿನದು, ಲೋ ಇದ್ದಷ್ಟು ದಿನ ಅದರ ಹಿಂದೆ ಮರೆಯಾಗಿತ್ತು.

ಇದಕ್ಕೆ ಎನ್‌ಪಿಎಚ್ ಏರಿಸಲು ನನಗೆ ಧೈರ್ಯ ಸಾಲಲಿಲ್ಲ, ಡಾಕ್ಟರೂ ಒಂದು ಯೂನಿಟ್ ಮಾತ್ರ ಏರಿಸಿದರು. ಹೆಚ್ಚು ಉಪಯೋಗವಾದದ್ದು ಬೆಳಗಿನ ಹೊತ್ತು ಬದಲಿಸಿದ್ದು. ಏನೂ ತಿನ್ನದಿದ್ದರೂ ಏರಿಕೆ ನಿಲ್ಲುವುದಿಲ್ಲ. ಆರಕ್ಕೆ 157 ಇದ್ದದ್ದು, ಭಾನುವಾರ ಎಂಟೂವರೆವರೆಗೆ ಮಲಗಿದರೆ 185 ಆಗುತ್ತಿತ್ತು. ಹಾಗಾಗಿ ಆರೂವರೆಗೆ ಇನ್ಸುಲಿನ್, ಏಳಕ್ಕೆ ತಿಂಡಿ ಅಂತ ಮಾಡಿಕೊಂಡೆ, ಭಾನುವಾರವೂ. ತಿಂಡಿಗೆ ಎರಡು ಇಡ್ಲಿ, ಮೊಟ್ಟೆ. ಆ ಹೊತ್ತಿನಲ್ಲಿ ಇನ್ಸುಲಿನ್ ಅಷ್ಟಾಗಿ ನಾಟುವುದಿಲ್ಲ, ನಾಲ್ಕು ದೋಸೆ ತಿಂದ ದಿನ ಗೊತ್ತಾಗಿಬಿಡುತ್ತದೆ. ರಾತ್ರಿ ಊಟದ ನಂತರ ಇಪ್ಪತ್ತು ನಿಮಿಷ ಓಡಾಟ ಸೇರಿಸಿದೆ. ಈಗ ಬೆಳಿಗ್ಗೆ 125ರಿಂದ 140ರ ನಡುವೆ ಇದೆ.

ಇನ್ಸುಲಿನ್ ಇಲ್ಲದೆ ಗ್ಲಿಮೆಪಿರೈಡ್ ಥರದ ಮಾತ್ರೆ ನುಂಗುವವರಿಗೂ ರಾತ್ರಿ ಲೋ ಆಗಬಹುದು, ಊಟ ಬಿಟ್ಟ ದಿನ ಇನ್ನೂ ಜಾಸ್ತಿ. ಬರೀ ಮೆಟ್‌ಫಾರ್ಮಿನ್ ಮೇಲಿರುವವರಲ್ಲಿ ಇದು ಅಪರೂಪ, ಅವರ ಬೆಳಗಿನ ಏರಿಕೆ ಬಹುತೇಕ ಮುಂಜಾವಿನದೇ. ತೋಳಿನ ಸೆನ್ಸರ್ ಹಾಕಿಕೊಂಡವರು ಇನ್ನೊಂದು ನೋಡಿಕೊಳ್ಳಬೇಕು. ಆ ಮಗ್ಗುಲಿಗೇ ಮಲಗಿ ತೋಳು ಅದುಮಿದರೆ ಅದು ಸುಳ್ಳು ಲೋ ತೋರಿಸುತ್ತದೆ. ಗ್ರಾಫ್ ಏಕಾಏಕಿ ಕುಸಿದು, ಮಗ್ಗುಲು ಬದಲಿಸಿದ ತಕ್ಷಣ ಮೇಲೆ ಬಂದರೆ ಅದನ್ನು ನಂಬಬೇಡಿ. ಬೆರಳು ಚುಚ್ಚಿ ನೋಡಿದ ಅಂಕಿಯನ್ನೇ ಡಾಕ್ಟರಿಗೆ ತೋರಿಸಿ.