ಕೂಡು ಕುಟುಂಬದ ಖರ್ಚು: ಒಟ್ಟು ಮೊತ್ತ ನೋಡಬೇಡಿ, ತಿಂಗಳು ಎಣಿಸಿ

ಆರು ತಿಂಗಳ ಲೆಕ್ಕ ನೋಡುವಾಗ ಎಲ್ಲರೂ ಕೊನೆಯ ಮೊತ್ತಕ್ಕೇ ಕಣ್ಣು ಹಾಕುತ್ತಾರೆ. ಅದು ದಾರಿ ತಪ್ಪಿಸುತ್ತದೆ. ಒಂದು ಉದಾಹರಣೆ ನೋಡಿ.

ಹಾಲಿಗೆ ತಿಂಗಳಿಗೆ 4,500 ರೂಪಾಯಿ ಇಟ್ಟಿದ್ದೀರಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಜಾಸ್ತಿ ಆಗಿದ್ದು 400, 600, 300, 500, 700, 500. ಒಟ್ಟು 3,000. ಮುಯ್ಯಿಗೆ ತಿಂಗಳಿಗೆ 2,000 ಇಟ್ಟಿದ್ದೀರಿ. ಮೇ ತಿಂಗಳ ಮದುವೆಗಳಿಗೆ 8,000 ಹೋಯಿತು, ಉಳಿದ ತಿಂಗಳೆಲ್ಲ ಕಡಿಮೆಯೇ. ಅಲ್ಲೂ ಒಟ್ಟು 3,000 ಜಾಸ್ತಿ. ಆದರೆ ಎರಡೂ ಒಂದೇ ಅಲ್ಲ, ಅಲ್ವಾ?

ಎಕ್ಸೆಲ್‌ನಲ್ಲಿ ಪ್ರತಿ ಬಾಬ್ತಿಗೆ ಒಂದು ಸಾಲು ಮಾಡಿ. B ಇಂದ G ವರೆಗೆ ಆಯಾ ತಿಂಗಳ ವ್ಯತ್ಯಾಸ (ಖರ್ಚಿನಲ್ಲಿ ಯೋಜನೆ ಕಳೆದು) ಬರೆಯಿರಿ. H ನಲ್ಲಿ ಇದನ್ನು ಹಾಕಿ:

```
=COUNTIF(B2:G2,">0")
```

ಹಾಲಿಗೆ 6 ಬರುತ್ತದೆ, ಮುಯ್ಯಿಗೆ 1. ನಾನು 4 ಅಥವಾ ಹೆಚ್ಚು ಬಂದದ್ದನ್ನು ಮಾತ್ರ ಕೆದಕುತ್ತೇನೆ. ಮುಯ್ಯಿಯಂಥದ್ದಕ್ಕೆ ವರ್ಷದ ಅಂದಾಜನ್ನು 12ರಿಂದ ಭಾಗಿಸಿ, ತಿಂಗಳು ತಿಂಗಳು ಬೇರೆ ತೆಗೆದಿಟ್ಟರೆ ಸಾಕು.

ಕೆದಕುವುದೆಂದರೆ ದರ ಮತ್ತು ಪ್ರಮಾಣ ಬಿಡಿಸುವುದು. ಯೋಜನೆ ದಿನಕ್ಕೆ 3 ಲೀಟರ್, ಲೀಟರಿಗೆ 50, ಅಂದರೆ ತಿಂಗಳಿಗೆ 90 ಲೀಟರ್. ದರ ಬದಲಾಗದೆ 5,000 ಆಗಿದ್ದರೆ 100 ಲೀಟರ್ ಬಂದಿದೆ. ಯಾರೋ ಆಗಾಗ ಹೆಚ್ಚುವರಿ ಪ್ಯಾಕೆಟ್ ತರುತ್ತಿದ್ದಾರೆ. ನಿಜಕ್ಕೂ ಬೇಕಿದ್ದರೆ ಯೋಜನೆಯನ್ನೇ 5,000ಕ್ಕೆ ಏರಿಸಿ, ಸುಮ್ನೆ ಯಾರನ್ನೂ ದೂರಬೇಡಿ. ದರವೇ ಏರಿದ್ದರೆ ಮನೆಯವರ ಕೈಯಲ್ಲಿ ಏನೂ ಇಲ್ಲ.

ಒಂದು ಎಚ್ಚರಿಕೆ: ಮಾವ, ಮೈದುನ ತಮ್ಮ ಜೇಬಿನಿಂದ ಕೊಟ್ಟದ್ದು ಪುಸ್ತಕಕ್ಕೆ ಬರದಿದ್ದರೆ ಈ ಎಣಿಕೆ ಕಡಿಮೆ ತೋರಿಸುತ್ತದೆ. ಮೊದಲು ಅದನ್ನು ಸೇರಿಸಿ.